ವಾರಂಟಿ ಹೊಣೆಗೆ ಪ್ರಾವಿಷನ್: ಲೆಕ್ಕದಲ್ಲಿ ಯಾವಾಗ, ತೆರಿಗೆಯಲ್ಲಿ ಎಷ್ಟು?

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಇಂದಿರಾನಗರದ ನಮ್ಮ ಕಚೇರಿಗೆ ಬರುವ ಸಣ್ಣ ಉತ್ಪಾದಕರು ಕೇಳುವ ಪ್ರಶ್ನೆಗಳಲ್ಲಿ ಒಂದು ಪ್ರತಿ ವರ್ಷವೂ ತಪ್ಪುವುದಿಲ್ಲ. "ಸಾರ್, ಮಾಲು ಮಾರಿ ಆಗಿದೆ, ಲಾಭ ಕಾಣುತ್ತಿದೆ. ಆದರೆ ಇದರಲ್ಲಿ ಒಂದಷ್ಟು ಮಾಲು ಮುಂದಿನ ವರ್ಷ ರಿಪೇರಿಗೆ ವಾಪಸು ಬಂದೇ ಬರುತ್ತದೆ. ಆ ಖರ್ಚನ್ನು ಈಗಲೇ ಬರೆಯಬಹುದೇ? ಬರೆದರೆ ಇನ್‌ಕಮ್ ಟ್ಯಾಕ್ಸ್‌ನವರು ಒಪ್ಪುತ್ತಾರೆಯೇ?" ಈ ಎರಡು ಪ್ರಶ್ನೆಗಳು ಒಂದೇ ಉಸಿರಿನಲ್ಲಿ ಬಂದರೂ ಅವುಗಳಿಗೆ ಉತ್ತರ ಕೊಡುವ ಶಾಸ್ತ್ರಗಳು ಬೇರೆ ಬೇರೆ. ಮೊದಲನೆಯದಕ್ಕೆ ಲೆಕ್ಕಪತ್ರ ಮಾನದಂಡಗಳು ಉತ್ತರಿಸುತ್ತವೆ, ಎರಡನೆಯದಕ್ಕೆ ಆದಾಯ ತೆರಿಗೆ ಕಾಯ್ದೆ ಮತ್ತು ನ್ಯಾಯಾಲಯಗಳ ತೀರ್ಪುಗಳು. ಆದರೂ ಎರಡೂ ಕಡೆ ಗೆಲ್ಲುವುದು ಅಥವಾ ಸೋಲುವುದು ಒಂದೇ ಕಾಗದದ ಮೇಲೆ. ಅದು ನಿಮ್ಮ ಸರ್ವಿಸ್ ರಿಜಿಸ್ಟರಿನಿಂದ ತಯಾರಾದ ಲೆಕ್ಕದ ಹಾಳೆ.

ಈ ವಿಷಯದ ತೆರಿಗೆ ತತ್ವ ಬೆಂಗಳೂರಿನ ಒಂದು ಸಂಸ್ಥೆಯ ವ್ಯಾಜ್ಯದಿಂದಲೇ ಸ್ಪಷ್ಟಗೊಂಡಿತೆಂಬುದು ನಮ್ಮ ಓದುಗರಲ್ಲಿ ಹಲವರಿಗೆ ತಿಳಿದಿರಲಾರದು. ಇಂದಿರಾನಗರಕ್ಕೆ ಹೊಂದಿಕೊಂಡ ಹೊಸ ತಿಪ್ಪಸಂದ್ರದಲ್ಲಿ ಕಾರ್ಖಾನೆಯುಳ್ಳ ಭಾರತ್ ಅರ್ಥ್ ಮೂವರ್ಸ್, ಅಂದರೆ ನಾವೆಲ್ಲ ಬೆಮೆಲ್ ಎಂದು ಕರೆಯುವ ಸಂಸ್ಥೆ, 1978-79ನೇ ಕರನಿರ್ಧಾರಣಾ ವರ್ಷದಲ್ಲಿ ತನ್ನ ನೌಕರರು ಗಳಿಸಿಟ್ಟಿದ್ದ ರಜೆಯ ನಗದೀಕರಣಕ್ಕಾಗಿ ₹62,25,483 ಪ್ರಾವಿಷನ್ ಮಾಡಿತು. ನೌಕರನು ದುಡಿದಂತೆಲ್ಲ ಅವನ ಖಾತೆಯಲ್ಲಿ ರಜೆ ಜಮೆಯಾಗುತ್ತದೆ. ಅವನು ಆ ರಜೆಯನ್ನು ಬಳಸಬಹುದು, ಇಲ್ಲವೆ ನಿಯಮದಂತೆ ಹಣವಾಗಿ ಪಡೆಯಬಹುದು. ಯಾರು ಯಾವಾಗ ಎಷ್ಟು ಪಡೆಯುತ್ತಾರೆಂಬುದು ಮಾತ್ರ ವರ್ಷಾಂತ್ಯದಲ್ಲಿ ತಿಳಿಯದು. ಇದು ಆಗಬಹುದು, ಆಗದೆಯೂ ಇರಬಹುದು ಎಂಬಂಥ ಸಾಂದರ್ಭಿಕ ಹೊಣೆ, ಆದ್ದರಿಂದ ಕಡಿತವಿಲ್ಲ ಎಂಬುದು ಇಲಾಖೆಯ ವಾದವಾಗಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ತೀರ್ಪು ಸಂಸ್ಥೆಯ ವಿರುದ್ಧವಾಯಿತು. 2000ದ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಿರುಗಿಸಿತು.

ಸರ್ವೋಚ್ಚ ನ್ಯಾಯಾಲಯದ ತರ್ಕ ಸರಳ. ವ್ಯಾಪಾರದ ಹೊಣೆಯೊಂದು ಲೆಕ್ಕದ ವರ್ಷದಲ್ಲಿ ನಿಶ್ಚಿತವಾಗಿ ಹುಟ್ಟಿದ್ದರೆ, ಅದನ್ನು ಮುಂದೆ ಯಾವಾಗಲೋ ಅಳೆದು ಮುಂದೆ ಯಾವಾಗಲೋ ತೀರಿಸಬೇಕಾಗಿದ್ದರೂ, ಆ ವರ್ಷದಲ್ಲೇ ಕಡಿತ ಸಿಗಬೇಕು. ಹೊಣೆ ಹುಟ್ಟಿರುವುದು ನಿಶ್ಚಿತವಾಗಿರಬೇಕು, ಮೊತ್ತವನ್ನು ಸಮಂಜಸವಾದ ಖಚಿತತೆಯಿಂದ ಅಂದಾಜಿಸಲು ಸಾಧ್ಯವಾಗಬೇಕು. ಇವೆರಡೂ ಇದ್ದರೆ ತೀರಿಸುವ ದಿನಾಂಕ ಗೊತ್ತಿಲ್ಲವೆಂಬ ಒಂದೇ ಕಾರಣಕ್ಕೆ ಅದು ಸಾಂದರ್ಭಿಕ ಹೊಣೆಯಾಗುವುದಿಲ್ಲ.

ಇಲ್ಲಿ ಒಂದು ವಿಪರ್ಯಾಸವಿದೆ. ಬೆಮೆಲ್ ಗೆದ್ದದ್ದು ರಜೆ ನಗದೀಕರಣದ ವಿಷಯದಲ್ಲಿ. ತೀರ್ಪು ಬಂದ ಮರುವರ್ಷವೇ, 2001ರ ಹಣಕಾಸು ಕಾಯ್ದೆಯ ಮೂಲಕ, ಸರ್ಕಾರವು 43ಬಿ ಸೆಕ್ಷನ್ನಿಗೆ (ಎಫ್) ಉಪವಾಕ್ಯವನ್ನು ಸೇರಿಸಿ, ರಜೆ ನಗದೀಕರಣಕ್ಕೆ ನಿಜವಾಗಿ ಹಣ ಪಾವತಿಯಾದ ಮೇಲೆಯೇ ಕಡಿತ ಎಂದು ವಿಧಿಸಿತು. ಕಲ್ಕತ್ತಾ ಉಚ್ಚ ನ್ಯಾಯಾಲಯ ಆ ಉಪವಾಕ್ಯವನ್ನು ತಳ್ಳಿಹಾಕಿತ್ತಾದರೂ, 2020ರ ಏಪ್ರಿಲ್‌ನಲ್ಲಿ ಎಕ್ಸೈಡ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ಸಿಂಧುತ್ವವನ್ನು ಎತ್ತಿಹಿಡಿಯಿತು. ಹೀಗಾಗಿ ಬೆಮೆಲ್ ತೀರ್ಪಿನ ಫಲ ರಜೆಗೆ ಉಳಿಯಲಿಲ್ಲ. ಆದರೆ ಅದರ ತತ್ವ ಉಳಿಯಿತು, ಮತ್ತು 43ಬಿ ಪಟ್ಟಿಯಲ್ಲಿ ಹೆಸರಿಲ್ಲದ ಹೊಣೆಗಳಿಗೆ ಇಂದಿಗೂ ಅನ್ವಯಿಸುತ್ತದೆ. ವಾರಂಟಿ ಆ ಪಟ್ಟಿಯಲ್ಲಿಲ್ಲ.

ಈ ತತ್ವ ನೇರವಾಗಿ ವಾರಂಟಿಗೆ ಅನ್ವಯವಾದದ್ದು 2009ರ ಮೇ ತಿಂಗಳಲ್ಲಿ, ರೋಟಾರ್ಕ್ ಕಂಟ್ರೋಲ್ಸ್ ಇಂಡಿಯಾ ಪ್ರಕರಣದಲ್ಲಿ. ಈ ಕಂಪನಿ ಕವಾಟಗಳನ್ನು ತೆರೆದು ಮುಚ್ಚುವ ಆಕ್ಚುಯೇಟರ್ ಎಂಬ ಸಾಧನಗಳನ್ನು ಮಾರುತ್ತಿತ್ತು. ಸಾಧನವನ್ನು ಚಾಲನೆಗೆ ತಂದ ದಿನದಿಂದ 12 ತಿಂಗಳು ಅಥವಾ ರವಾನೆಯಾದ ದಿನದಿಂದ 18 ತಿಂಗಳು, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ. 1991-92ನೇ ಕರನಿರ್ಧಾರಣಾ ವರ್ಷದಲ್ಲಿ ವಹಿವಾಟಿನ ಶೇಕಡಾ 1.5ರ ದರದಲ್ಲಿ ₹10,18,800 ಪ್ರಾವಿಷನ್ ಮಾಡಿ, ಹಿಂದಿನ ಪ್ರಾವಿಷನ್ನಿನಲ್ಲಿ ಹೆಚ್ಚಾಗಿ ಉಳಿದ ₹5,00,246ನ್ನು ವಾಪಸು ಜಮೆ ಮಾಡಿ, ನಿವ್ವಳ ₹5,18,554 ಕಡಿತ ಕೇಳಿತ್ತು. ಮದ್ರಾಸ್ ಉಚ್ಚ ನ್ಯಾಯಾಲಯ ನಿರಾಕರಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಿಕೊಂಡಿತು. ವಾರಂಟಿಯು ಮಾರಾಟದ ಬೆಲೆಯೊಳಗೇ ಸೇರಿದ ಬಾಧ್ಯತೆ. ರಿಪೇರಿ ಮಾಡಿದ ವರ್ಷ ಖರ್ಚು ಬರೆಯುವುದಾಗಲಿ, ಗ್ರಾಹಕ ದೂರು ಕೊಟ್ಟಾಗ ಬರೆಯುವುದಾಗಲಿ, ಮಾರಾಟದ ಆದಾಯವನ್ನು ಅದರ ವೆಚ್ಚದೊಡನೆ ಒಂದೇ ವರ್ಷದಲ್ಲಿ ಕೂಡಿಸುವುದಿಲ್ಲ. ಪೂರ್ವಾನುಭವದ ಆಧಾರದ ಮೇಲೆ ಮಾರಾಟದ ವರ್ಷದಲ್ಲೇ ಅಂದಾಜಿಸಿ ಬರೆಯುವುದೇ ಹೆಚ್ಚು ಸೂಕ್ತ ಎಂದು ನ್ಯಾಯಾಲಯ ಕಂಡಿತು.

ಆದರೆ ಅದೇ ತೀರ್ಪು ಒಂದು ಎಚ್ಚರಿಕೆಯನ್ನೂ ಕೊಟ್ಟಿದೆ. ವ್ಯಾಪಾರಿಯು ತನ್ನ ವಾರಂಟಿ ನೀತಿಯನ್ನೂ ಹಲವು ವರ್ಷಗಳ ಪ್ರವೃತ್ತಿಯನ್ನೂ ವಿವರವಾಗಿ ಪರಿಶೀಲಿಸಿರಬೇಕು. ಲೆಕ್ಕಾಚಾರ ಗಟ್ಟಿಯಾಗಿದ್ದರೆ ದೊಡ್ಡ ಮೊತ್ತವನ್ನು ವಾಪಸು ಜಮೆ ಮಾಡುವ ಪ್ರಮೇಯವೇ ಬರಬಾರದು. ನಮ್ಮ ಸದಸ್ಯರು ತೀರ್ಪಿನ ಮೊದಲ ಭಾಗವನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆಯುವುದರಿಂದಲೇ ತೊಂದರೆಗಳು ಹುಟ್ಟುತ್ತವೆ.

ಈಗ ಲೆಕ್ಕಪತ್ರದ ಕಡೆಗೆ ಬರೋಣ. ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಹೊರಡಿಸಿದ 29ನೇ ಲೆಕ್ಕಪತ್ರ ಮಾನದಂಡ 2004ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು ಮೂರು ಸಂಗತಿಗಳನ್ನು ಕೇಳುತ್ತದೆ. ನಡೆದುಹೋದ ಘಟನೆಯೊಂದರಿಂದ ಇಂದು ಬಾಧ್ಯತೆ ಇದೆಯೇ? ಅದನ್ನು ತೀರಿಸಲು ಹಣ ಅಥವಾ ಸಾಮಗ್ರಿ ಹೊರಹೋಗುವ ಸಂಭವ, ಹೋಗದಿರುವ ಸಂಭವಕ್ಕಿಂತ ಹೆಚ್ಚಿದೆಯೇ? ಮೊತ್ತವನ್ನು ನಂಬಲರ್ಹವಾಗಿ ಅಂದಾಜಿಸಬಹುದೇ? ಮೂರಕ್ಕೂ ಹೌದು ಎಂದರೆ ಪ್ರಾವಿಷನ್ ಕಡ್ಡಾಯ. ಇಷ್ಟವಿದ್ದರೆ ಮಾಡು, ಇಲ್ಲದಿದ್ದರೆ ಬಿಡು ಎಂಬ ಆಯ್ಕೆ ಇಲ್ಲ. ಸಣ್ಣ ಸಂಸ್ಥೆಗಳಿಗೆ ಈ ಮಾನದಂಡದಲ್ಲಿರುವ ರಿಯಾಯಿತಿ ಟಿಪ್ಪಣಿಗಳಲ್ಲಿ ವಿವರ ಪ್ರಕಟಿಸುವುದಕ್ಕೆ ಮಾತ್ರ ಸೀಮಿತ, ಪ್ರಾವಿಷನ್ ಮಾಡುವುದಕ್ಕೆ ಅಲ್ಲ. ಇಂಡಿಯನ್ ಅಕೌಂಟಿಂಗ್ ಸ್ಟ್ಯಾಂಡರ್ಡ್ ಅನುಸರಿಸುವ ದೊಡ್ಡ ಕಂಪನಿಗಳಿಗೆ ಬೇರೆ ಮಾನದಂಡವಿದ್ದು, ದೀರ್ಘಾವಧಿ ಹೊಣೆಯನ್ನು ಇಂದಿನ ಮೌಲ್ಯಕ್ಕೆ ಇಳಿಸಿ ತೋರಿಸಬೇಕಾಗುತ್ತದೆ. ನಮ್ಮ ಬಹುಪಾಲು ಓದುಗರಿಗೆ ಆ ತೊಡಕಿಲ್ಲ.

ಇಲ್ಲಿ "ನಡೆದುಹೋದ ಘಟನೆ" ಎಂಬ ಮಾತು ಮುಖ್ಯ. ವಾರಂಟಿಯ ವಿಷಯದಲ್ಲಿ ಆ ಘಟನೆ ಮಾರಾಟವೇ ಹೊರತು ಕೆಟ್ಟುಹೋಗುವುದಲ್ಲ. ಒಂದೊಂದೇ ಯಂತ್ರವನ್ನು ನೋಡಿದರೆ ಅದು ಕೆಡುವ ಸಂಭವ ಕಡಿಮೆ ಇರಬಹುದು. ಆದರೆ ಮಾರಿದ ಎಲ್ಲ ಯಂತ್ರಗಳನ್ನೂ ಒಟ್ಟಾಗಿ ನೋಡಿದರೆ ಕೆಲವು ಕೆಡುವುದು ಬಹುತೇಕ ಖಂಡಿತ. ಮಾನದಂಡವು ಇಂಥ ಬಾಧ್ಯತೆಗಳನ್ನು ಗುಂಪಾಗಿಯೇ ನೋಡಬೇಕೆನ್ನುತ್ತದೆ. ಇದಕ್ಕೆ ವಿರುದ್ಧವಾಗಿ, ಕಾರ್ಖಾನೆಯ ಯಂತ್ರವನ್ನು ಮುಂದಿನ ವರ್ಷ ಓವರ್‌ಹಾಲ್ ಮಾಡಿಸಬೇಕು ಎಂಬುದಕ್ಕೆ ಪ್ರಾವಿಷನ್ ಸಲ್ಲದು. ಯಂತ್ರವನ್ನು ಮಾರಿಬಿಟ್ಟರೆ ಆ ಖರ್ಚೇ ಇಲ್ಲ. ಅದು ನಿಮ್ಮ ಉದ್ದೇಶ, ಇನ್ನೊಬ್ಬರಿಗೆ ನೀವು ಹೊತ್ತ ಬಾಧ್ಯತೆಯಲ್ಲ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. ಮನೆಬಳಕೆಯ ವೋಲ್ಟೇಜ್ ಸ್ಟೆಬಿಲೈಸರ್ ತಯಾರಿಸುವ ಒಂದು ಘಟಕವಿದೆ ಎನ್ನಿ. ವಾರಂಟಿ 12 ತಿಂಗಳು. ವಾರಂಟಿ ಅವಧಿ ಪೂರ್ತಿ ಮುಗಿದ ಹಿಂದಿನ ಮೂರು ವರ್ಷಗಳ ಮಾರಾಟವನ್ನು ಸರ್ವಿಸ್ ರಿಜಿಸ್ಟರಿನಿಂದ ತೆಗೆದರೆ ಚಿತ್ರ ಹೀಗಿದೆ. ಮೊದಲ ವರ್ಷ ಮಾರಿದ 3,000 ಸ್ಟೆಬಿಲೈಸರುಗಳಲ್ಲಿ 180 ರಿಪೇರಿಗೆ ಬಂದವು, ಖರ್ಚು ₹1,62,000. ಎರಡನೇ ವರ್ಷದ 3,400ರಲ್ಲಿ 221 ಬಂದವು, ಖರ್ಚು ₹1,98,900. ಮೂರನೇ ವರ್ಷದ 3,600ರಲ್ಲಿ 216 ಬಂದವು, ಖರ್ಚು ₹2,05,200. ಒಟ್ಟು 10,000 ಸ್ಟೆಬಿಲೈಸರುಗಳಿಗೆ ₹5,66,100, ಅಂದರೆ ಮಾರಿದ ಒಂದಕ್ಕೆ ₹56.61. ಖರ್ಚೆಂದರೆ ಬದಲಿ ಬಿಡಿಭಾಗ, ಮೆಕ್ಯಾನಿಕ್ಕಿನ ಕೂಲಿ ಮತ್ತು ಸಾಗಾಟ. ಮರಳಿ ಜಮೆ ಸಿಗುವ ಜಿಎಸ್‌ಟಿ ಇದರಲ್ಲಿ ಸೇರಿಲ್ಲ.

ಈ ವರ್ಷ 4,000 ಸ್ಟೆಬಿಲೈಸರು ಮಾರಾಟವಾಗಿವೆ. ಹಳೆಯ ದರದಂತೆ ಅವುಗಳ ಒಟ್ಟು ವಾರಂಟಿ ವೆಚ್ಚ ₹2,26,440 ಆಗಬೇಕು. ಇಷ್ಟನ್ನೂ ಮಾರ್ಚ್ 31ರಂದು ಪ್ರಾವಿಷನ್ ಮಾಡಿಬಿಡುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಏಪ್ರಿಲ್‌ನಲ್ಲಿ ಮಾರಿದ ಮಾಲು ಆಗಸ್ಟ್‌ನಲ್ಲೇ ರಿಪೇರಿಗೆ ಬಂದು ಹೋಗಿರುತ್ತದೆ, ಆ ಖರ್ಚು ರಿಪೇರಿ ಖಾತೆಯಲ್ಲಿ ಆಗಲೇ ಬರೆದಾಗಿರುತ್ತದೆ. ಈ ವರ್ಷದ ಮಾಲಿಗೆ ಈ ವರ್ಷವೇ ಆದ ರಿಪೇರಿ ₹98,000 ಎಂದಿದ್ದರೆ, ಇನ್ನು ಬರಬೇಕಾದದ್ದು ₹1,28,440 ಮಾತ್ರ. ವರ್ಷಾಂತ್ಯದ ಪ್ರಾವಿಷನ್ ಅಷ್ಟೇ. ಪೂರ್ತಿ ಮೊತ್ತವನ್ನು ಮತ್ತೆ ಬರೆದರೆ ₹98,000 ಎರಡು ಬಾರಿ ಖರ್ಚಾಗುತ್ತದೆ.

ಇನ್ನು ಹಳೆಯ ಪ್ರಾವಿಷನ್. ಕಳೆದ ಮಾರ್ಚ್‌ನಲ್ಲಿ ₹1,15,000 ಇಟ್ಟಿದ್ದರು. ಈ ವರ್ಷ, ಹೋದ ವರ್ಷದ ಮಾಲಿನ ರಿಪೇರಿಗೆ ₹1,03,000 ಖರ್ಚಾಯಿತು. ಅದನ್ನು ಈ ವರ್ಷದ ಲಾಭ-ನಷ್ಟ ಖಾತೆಗೆ ತರದೆ ನೇರವಾಗಿ ಪ್ರಾವಿಷನ್ನಿಗೇ ಖರ್ಚು ಹಾಕಬೇಕು. ಉಳಿದ ₹12,000ಕ್ಕೆ ಈಗ ಹೊಣೆ ಇಲ್ಲ, ಏಕೆಂದರೆ ಆ ಮಾಲಿನ ವಾರಂಟಿ ಮುಗಿದಿದೆ. ಅದನ್ನು ಲಾಭ-ನಷ್ಟ ಖಾತೆಗೆ ವಾಪಸು ಜಮೆ ಮಾಡಬೇಕು. ಆಗ ಈ ವರ್ಷ ಖಾತೆಯ ಮೇಲೆ ಬೀಳುವ ನಿಜವಾದ ಭಾರ: ₹98,000 ಕೂಡಿಸು ₹1,28,440, ಕಳೆ ₹12,000, ಅಂದರೆ ₹2,14,440. ಅಢಾವೆ ಪತ್ರಿಕೆಯಲ್ಲಿ ಹೊಣೆಯ ಕಡೆ ಕಾಣುವುದು ₹1,28,440.

ಈ ಲೆಕ್ಕ ಸಾಧ್ಯವಾಗಬೇಕಾದರೆ ಸರ್ವಿಸ್ ರಿಜಿಸ್ಟರಿನಲ್ಲಿ ಒಂದು ಕಾಲಂ ಇರಲೇಬೇಕು: ರಿಪೇರಿಗೆ ಬಂದ ಮಾಲು ಮಾರಾಟವಾದ ದಿನಾಂಕ, ಅಥವಾ ಅದನ್ನು ಹುಡುಕಿ ತೆಗೆಯಬಲ್ಲ ಸೀರಿಯಲ್ ನಂಬರು. ಬಹುತೇಕ ಘಟಕಗಳಲ್ಲಿ ರಿಪೇರಿಯ ದಿನಾಂಕ ಇರುತ್ತದೆ, ಮಾರಾಟದ ದಿನಾಂಕ ಇರುವುದಿಲ್ಲ. ಅದಿಲ್ಲದೆ ಯಾವ ವರ್ಷದ ಮಾಲಿಗೆ ಎಷ್ಟು ಖರ್ಚಾಯಿತೆಂದು ಹೇಳಲಾಗದು. ವಾರಂಟಿ ಮುಗಿದ ಮೇಲೆ ಹಣ ಪಡೆದು ಮಾಡಿದ ರಿಪೇರಿಯೂ ಅದೇ ಖಾತೆಯಲ್ಲಿ ಬೆರೆತುಹೋಗಿರುತ್ತದೆ. ಅದನ್ನೂ ಬೇರ್ಪಡಿಸಬೇಕು.

ಸರಾಸರಿ ದರವನ್ನು ಕುರುಡಾಗಿ ಅನ್ವಯಿಸುವುದೂ ಸಲ್ಲದು. ಈ ವರ್ಷ ಒಂದು ಕಂತಿನಲ್ಲಿ ಕೊಂಡ ರಿಲೇಗಳು ಕಳಪೆಯೆಂದು ತಿಳಿದುಬಂದಿದ್ದರೆ, ಆ ರಿಲೇ ಹಾಕಿದ ಸ್ಟೆಬಿಲೈಸರುಗಳಿಗೆ ಪ್ರತ್ಯೇಕವಾದ ಹೆಚ್ಚಿನ ಅಂದಾಜು ಬೇಕು. ರಿಲೇ ಕೊಟ್ಟವನು ನಷ್ಟ ಭರಿಸುತ್ತಾನೆ ಎಂಬ ನಿರೀಕ್ಷೆಯಿದ್ದರೆ ಅದನ್ನು ಹೊಣೆಯಲ್ಲಿ ಕಳೆದು ತೋರಿಸುವಂತಿಲ್ಲ. ಅವನಿಂದ ಹಣ ಬರುವುದು ಬಹುತೇಕ ಖಚಿತವಾಗಿದ್ದರೆ ಮಾತ್ರ ಆಸ್ತಿಯ ಕಡೆ ಬೇರೆಯಾಗಿ ತೋರಿಸಬಹುದು. ಬಾಯಿಮಾತಿನ ಭರವಸೆ ಸಾಲದು, ಅವನ ಲಿಖಿತ ಒಪ್ಪಿಗೆ ಇದ್ದರೆ ಮಾತಾಡಬಹುದು.

ತೆರಿಗೆಯಲ್ಲಿ ಈ ₹1,28,440 ಕಡಿತಕ್ಕೆ ಸಲ್ಲುತ್ತದೆಯೇ? ಮರ್ಕೆಂಟೈಲ್ ಪದ್ಧತಿಯಲ್ಲಿ ಲೆಕ್ಕ ಇಡುವವರಿಗೆ ಸಲ್ಲುತ್ತದೆ. ನಗದು ಪದ್ಧತಿಯವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಆಧಾರ 1961ರ ಕಾಯ್ದೆಯ 37(1)ನೇ ಸೆಕ್ಷನ್. 2026ರ ಏಪ್ರಿಲ್ 1ರಿಂದ ಆರಂಭವಾಗುವ ತೆರಿಗೆ ವರ್ಷಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ ಸೆಕ್ಷನ್ನುಗಳ ಸಂಖ್ಯೆ ಬದಲಾಗುತ್ತದೆ. ವ್ಯಾಪಾರಕ್ಕಾಗಿಯೇ ಆದ ಖರ್ಚಿಗೆ ಕಡಿತ, ಕೆಲವು ಹೊಣೆಗಳಿಗೆ ಪಾವತಿಯ ಮೇಲೆಯೇ ಕಡಿತ ಎಂಬ ವ್ಯವಸ್ಥೆ ಹಾಗೆಯೇ ಇದೆ.

ನಡುವೆ ಒಂದು ಸೂಕ್ಷ್ಮ ಬಂದಿದೆ. 2016-17ನೇ ಹಣಕಾಸು ವರ್ಷದಿಂದ ತೆರಿಗೆಯ ಲೆಕ್ಕಕ್ಕೆಂದೇ ಪ್ರತ್ಯೇಕ ಆದಾಯ ಗಣನಾ ಮಾನದಂಡಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಹತ್ತನೆಯದು ಪ್ರಾವಿಷನ್ನಿಗೆ ಸಂಬಂಧಿಸಿದ್ದು. ತೆರಿಗೆ ಆಡಿಟ್ ಬೇಕಿಲ್ಲದ ವ್ಯಕ್ತಿಗಳಿಗೂ ಹಿಂದೂ ಅವಿಭಕ್ತ ಕುಟುಂಬಗಳಿಗೂ ಇವು ಅನ್ವಯಿಸುವುದಿಲ್ಲ. ಲೆಕ್ಕಪತ್ರದ ಮಾನದಂಡ "ಸಂಭವ ಹೆಚ್ಚಿದ್ದರೆ" ಸಾಕೆಂದರೆ, ತೆರಿಗೆಯ ಮಾನದಂಡ ಹಣ ಹೊರಹೋಗುವುದು "ಸಮಂಜಸವಾಗಿ ಖಚಿತ" ಆಗಿರಬೇಕೆನ್ನುತ್ತದೆ. ನೂರಕ್ಕೆ ಐವತ್ತೈದು ಪಾಲು ಸೋಲುವ ಸಂಭವವಿರುವ ಒಂದು ಕೋರ್ಟು ವ್ಯಾಜ್ಯಕ್ಕೆ ಲೆಕ್ಕಪತ್ರದಲ್ಲಿ ಪ್ರಾವಿಷನ್ ಬೇಕಾಗಬಹುದು, ತೆರಿಗೆಯಲ್ಲಿ ಅದು ನಿಲ್ಲದಿರಬಹುದು. ಆಗ ಆದಾಯದ ಲೆಕ್ಕದಲ್ಲಿ ಅದನ್ನು ಮರಳಿ ಕೂಡಿಸಿಕೊಳ್ಳಬೇಕು. ಸಾವಿರಾರು ಮಾಲುಗಳ ವಾರಂಟಿಗೆ ಈ ವ್ಯತ್ಯಾಸ ಹೆಚ್ಚೇನೂ ಬಾಧಿಸದೆಂಬುದು ನನ್ನ ಅಭಿಪ್ರಾಯ. ಮೂರು ವರ್ಷ ಒಂದೇ ಸಮನಾಗಿ ನೂರಕ್ಕೆ ಆರರಷ್ಟು ಮಾಲು ವಾಪಸು ಬಂದಿರುವಾಗ ನಾಲ್ಕನೇ ವರ್ಷವೂ ಬರುವುದು ಸಮಂಜಸವಾಗಿ ಖಚಿತವೇ. ವರ್ಷಕ್ಕೆ ನಾಲ್ಕೈದು ದೊಡ್ಡ ಯಂತ್ರ ಮಾರುವವರು ಮಾತ್ರ ಹುಷಾರಾಗಿರಬೇಕು. ಅಷ್ಟು ಕಡಿಮೆ ಸಂಖ್ಯೆಯಲ್ಲಿ ಪ್ರವೃತ್ತಿ ಎಂಬುದೇ ಹುಟ್ಟುವುದಿಲ್ಲ. ಅವರು ಪ್ರತಿ ಯಂತ್ರದ ಸ್ಥಿತಿಯನ್ನು ಬೇರೆಬೇರೆಯಾಗಿ ಬರೆದಿಡಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಬಳಿಗೆ ಬಂದ ಒಂದು ಪ್ರಕರಣವನ್ನು ಹೇಳುವುದು ಸೂಕ್ತ. ಒಬ್ಬ ಉತ್ಪಾದಕರು ಲಾಭ ಹೆಚ್ಚು ಕಂಡ ವರ್ಷ ವಹಿವಾಟಿನ ಶೇಕಡಾ 5ರಷ್ಟನ್ನು ವಾರಂಟಿಗೆಂದು ಬರೆದಿದ್ದರು. ಕರನಿರ್ಧಾರಣಾಧಿಕಾರಿ ಕೇಳಿದ್ದು ಮೂರೇ ಪ್ರಶ್ನೆ. ಈ ಐದು ಎಲ್ಲಿಂದ ಬಂತು? ಹಿಂದಿನ ವರ್ಷಗಳಲ್ಲಿ ನಿಜವಾದ ಖರ್ಚು ಎಷ್ಟು? ಕಳೆದ ವರ್ಷದ ಪ್ರಾವಿಷನ್ನಿನಲ್ಲಿ ಎಷ್ಟು ಬಳಕೆಯಾಯಿತು? ಉತ್ತರ ಹುಡುಕಿದಾಗ ನಿಜವಾದ ಖರ್ಚು ಶೇಕಡಾ 1ನ್ನು ಮುಟ್ಟಿರಲಿಲ್ಲ, ಹಳೆಯ ಪ್ರಾವಿಷನ್ ಮೂರು ವರ್ಷದಿಂದ ಕದಲದೆ ಅಢಾವೆ ಪತ್ರಿಕೆಯಲ್ಲಿ ಕುಳಿತಿತ್ತು. ರೋಟಾರ್ಕ್ ತೀರ್ಪನ್ನು ಎಷ್ಟು ಬಾರಿ ಓದಿ ಹೇಳಿದರೂ ಪ್ರಯೋಜನವಾಗಲಿಲ್ಲ, ಆಗಲೂ ಬಾರದು. ಅದು ಲಾಭವನ್ನು ಮುಂದೂಡುವ ಉಪಾಯವಾಗಿತ್ತೇ ಹೊರತು ಹೊಣೆಯ ಅಂದಾಜಾಗಿರಲಿಲ್ಲ. ಆರಂಭದ ಶಿಲ್ಕು ಬಳಕೆಯಾಗದೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಅಂದಾಜು ಕೆಟ್ಟಿದೆಯೆಂದು ತಿಳಿಯಬೇಕು. ಅಧಿಕಾರಿ ಹೇಳುವ ಮೊದಲು ನಾವೇ ದರವನ್ನು ಇಳಿಸಬೇಕು.

ವರ್ತಕ ಸದಸ್ಯರಿಗೆ ಒಂದು ಮಾತು. ಫ್ರಿಜ್ಜು, ಮಿಕ್ಸಿ, ಬ್ಯಾಟರಿ ಮಾರುವ ಅಂಗಡಿಯವರು ವಾರಂಟಿ ಕಾರ್ಡಿಗೆ ಸೀಲು ಒತ್ತಿ ಕೊಟ್ಟ ಮಾತ್ರಕ್ಕೆ ವಾರಂಟಿಯ ಹೊಣೆ ಅವರದಾಗುವುದಿಲ್ಲ. ಕಾರ್ಡು ತಯಾರಕ ಕಂಪನಿಯದು, ಬಿಡಿಭಾಗದ ವೆಚ್ಚವನ್ನು ಕೊಡುವುದೂ ಕಂಪನಿ. ಅಂಥವರು ಪ್ರಾವಿಷನ್ ಮಾಡುವಂತಿಲ್ಲ. ಆದರೆ ಅಂಗಡಿಯವರೇ ತಮ್ಮ ಹೆಸರಿನಲ್ಲಿ "ಆರು ತಿಂಗಳು ಉಚಿತ ರಿಪೇರಿ" ಎಂದು ಬಿಲ್ಲಿನಲ್ಲಿ ಬರೆದುಕೊಟ್ಟಿದ್ದರೆ ಅಷ್ಟರ ಮಟ್ಟಿಗೆ ಹೊಣೆ ಅವರದೇ. ಗ್ರಾಹಕರಿಂದ ಪ್ರತ್ಯೇಕ ಹಣ ಪಡೆದು ಹೆಚ್ಚುವರಿ ವಾರಂಟಿ ಮಾರುವವರ ದಾರಿಯೂ ಬೇರೆ. ಅಲ್ಲಿ ಖರ್ಚಿನ ಅಂದಾಜಿಗಿಂತ, ಪಡೆದ ಹಣವನ್ನು ಸೇವೆಯ ಅವಧಿಗೆ ಹಂಚಿ ಆದಾಯ ತೋರಿಸುವ ಪ್ರಶ್ನೆ ಮುಖ್ಯವಾಗುತ್ತದೆ.

ಕೊನೆಯದಾಗಿ ದಿನಾಂಕದ ವಿಷಯ. ಪ್ರಾವಿಷನ್ ಮಾರ್ಚ್ 31ರ ಸ್ಥಿತಿಯನ್ನು ಹೇಳಬೇಕಾದರೂ, ಅದನ್ನು ಲೆಕ್ಕ ಹಾಕುವುದು ಸಾಮಾನ್ಯವಾಗಿ ಜುಲೈ ಆಗಸ್ಟ್‌ನಲ್ಲಿ. ಅಷ್ಟರೊಳಗೆ ಏಪ್ರಿಲ್‌ನಿಂದ ಜೂನ್‌ವರೆಗೆ ವಾಪಸು ಬಂದ ಮಾಲಿನ ವಿವರ ರಿಜಿಸ್ಟರಿನಲ್ಲಿ ಇರುತ್ತದೆ. ಮಾರ್ಚ್‌ಗೆ ಮೊದಲು ಮಾರಿದ ಮಾಲಿನಲ್ಲಿ ದೋಷವಿತ್ತೆಂಬುದಕ್ಕೆ ಅದು ಪುರಾವೆ, ಮತ್ತು ಲೆಕ್ಕಪತ್ರಕ್ಕೆ ಸಹಿ ಹಾಕುವವರೆಗೆ ಸಿಕ್ಕ ಇಂಥ ಪುರಾವೆಯನ್ನು ಅಂದಾಜಿನಲ್ಲಿ ಪರಿಗಣಿಸಬೇಕು. ಮೇಲಿನ ಉದಾಹರಣೆಯಲ್ಲಿ ಮೂರೇ ತಿಂಗಳಲ್ಲಿ ₹90,000 ಖರ್ಚಾಗಿದ್ದರೆ ₹1,28,440 ಸಾಲದೆಂದು ಸಹಿಗೆ ಮೊದಲೇ ತಿಳಿಯುತ್ತದೆ. ಆಡಿಟರ ಬಳಿ ಬರುವಾಗ ಆ ಮೂರು ತಿಂಗಳ ರಿಜಿಸ್ಟರನ್ನೂ ತಪ್ಪದೆ ಜೊತೆಗೆ ತನ್ನಿ.